ಸಸ್ಯಶಾಸ್ತ್ರದಿಂದ ಎಂಸಿಎಗೆ: ಒಂದು ಬ್ರಿಡ್ಜ್ ಕೋರ್ಸಿನ ಪ್ರಕರಣ ಅಧ್ಯಯನ

ಬಿಎಸ್ಸಿಯಲ್ಲಿ ರಸಾಯನಶಾಸ್ತ್ರ, ಸಸ್ಯಶಾಸ್ತ್ರ, ಪ್ರಾಣಿಶಾಸ್ತ್ರ ಓದಿದ್ದ ವಿದ್ಯಾರ್ಥಿನಿಯೊಬ್ಬಳು ಮೈಸೂರಿನ ಒಂದು ಕಾಲೇಜಿನಲ್ಲಿ ಕಂಪ್ಯೂಟರ್ ಅನ್ವಯಗಳ ಸ್ನಾತಕೋತ್ತರ ಕೋರ್ಸಾದ ಎಂಸಿಎ ಸೇರಿದಳು. ಮೊದಲ ಸೆಮಿಸ್ಟರಿನಲ್ಲಿ, ಕಂಪ್ಯೂಟರ್ ಓದದೆ ಬಂದವರಿಗಾಗಿ ನಡೆಸುವ ಬ್ರಿಡ್ಜ್ ಕೋರ್ಸಿನ ಸಿ ಪ್ರೋಗ್ರಾಮಿಂಗ್ ಪರೀಕ್ಷೆ ನಡೆದಾಗ ಆಕೆ 50ಕ್ಕೆ 38 ಅಂಕ ಪಡೆದಳು. ಅದಾದ ಕೆಲವೇ ದಿನಗಳಲ್ಲಿ ಡೇಟಾ ಸ್ಟ್ರಕ್ಚರ್ಸ್ ವಿಷಯದ ಮೊದಲ ಆಂತರಿಕ ಪರೀಕ್ಷೆ ಬಂತು. ಅದರಲ್ಲಿ ಸಿಕ್ಕಿದ್ದು 50ಕ್ಕೆ 11. ಎರಡೂ ಪರೀಕ್ಷೆಗಳು ಒಂದೇ ಭಾಷೆಯಲ್ಲಿ, ಸಿ ಭಾಷೆಯಲ್ಲಿ, ಪ್ರೋಗ್ರಾಂ ಬರೆಯಲು ಕೇಳಿದ್ದವು. ಸೇತುವೆಯನ್ನು ಚೆನ್ನಾಗಿ ದಾಟಿದವಳು ಆಚೆ ದಡದಲ್ಲಿ ಕಾಲಿಟ್ಟ ಕೂಡಲೇ ಏಕೆ ಮುಗ್ಗರಿಸಿದಳು ಎಂಬುದನ್ನು ನಾನು ಇಲ್ಲಿ ಬಿಡಿಸಿ ಹೇಳಬೇಕೆಂದಿದ್ದೇನೆ. ನಾನು ಆ ತರಗತಿಗೆ ಡೇಟಾ ಸ್ಟ್ರಕ್ಚರ್ಸ್ ಕಲಿಸುತ್ತಿದ್ದವನು. ಆಕೆಯ ಒಪ್ಪಿಗೆ ಪಡೆದು, ಹೆಸರು ಬಿಟ್ಟು ಬರೆಯುತ್ತಿದ್ದೇನೆ.

ಬಾಗಿಲು ತೆರೆದದ್ದು ಪಿಯುಸಿ ಗಣಿತ

ಆಕೆಯ ಊರು ಪಾಂಡವಪುರ ತಾಲ್ಲೂಕಿನ ಒಂದು ಹಳ್ಳಿ. ಪದವಿ ಓದಿದ್ದು ಮಂಡ್ಯದಲ್ಲಿ. ಸಸ್ಯಶಾಸ್ತ್ರದಲ್ಲಿ ಎಂಎಸ್ಸಿ ಮಾಡುವ ಆಸೆ ಇತ್ತು. ಆದರೆ ಅದನ್ನು ಮುಗಿಸಿದ ಮೇಲೆ ಬಿ.ಎಡ್., ಆಮೇಲೆ ಅತಿಥಿ ಉಪನ್ಯಾಸಕರ ಹುದ್ದೆ, ಆಮೇಲೆ ನೇಮಕಾತಿ ಪ್ರಕಟಣೆಗಾಗಿ ಕಾಯುವುದು, ಹೀಗೆ ಉದ್ದಕ್ಕೂ ಚಾಚಿಕೊಂಡ ದಾರಿಯನ್ನು ತನ್ನ ಇಬ್ಬರು ಸೀನಿಯರ್‌ಗಳಲ್ಲಿ ಆಕೆ ಕಣ್ಣಾರೆ ಕಂಡಿದ್ದಳು. ಮನೆಯಲ್ಲಿ ಎರಡು ವರ್ಷದ ಓದಿಗೆ ಒಪ್ಪಿಗೆ ಇತ್ತು, ಅದಕ್ಕಿಂತ ಹೆಚ್ಚಿಗೆ ಇರಲಿಲ್ಲ.

ಎಂಸಿಎಗೆ ಬೇಕಾದ ಅರ್ಹತೆಯ ಬಗ್ಗೆ ನಮ್ಮ ಕಡೆ ಇನ್ನೂ ಬಹಳ ಗೊಂದಲವಿದೆ. ಅಖಿಲ ಭಾರತ ತಾಂತ್ರಿಕ ಶಿಕ್ಷಣ ಪರಿಷತ್ತಿನ 2024-25ಕ್ಕೂ ಮುಂಚಿನ ನಿಯಮದ ಪ್ರಕಾರ ಬಿಸಿಎ ಅಥವಾ ಕಂಪ್ಯೂಟರ್ ವಿಜ್ಞಾನದ ಪದವಿ ಇದ್ದರೆ ಸಾಕಿತ್ತು. ಇಲ್ಲವಾದರೆ ಬಿಎಸ್ಸಿ, ಬಿಕಾಂ, ಬಿಎ ಯಾವುದಾದರೂ ಆಗಬಹುದಿತ್ತು, ಆದರೆ ಪಿಯುಸಿಯಲ್ಲಿ ಅಥವಾ ಪದವಿಯಲ್ಲಿ ಗಣಿತ ಒಂದು ವಿಷಯವಾಗಿ ಇರಬೇಕಿತ್ತು. ಪದವಿಯಲ್ಲಿ ಶೇಕಡಾ 50 ಅಂಕ ಬೇಕು, ಮೀಸಲು ವರ್ಗದವರಿಗೆ 45. ಹಾಗೆ ಬೇರೆ ಹಿನ್ನೆಲೆಯಿಂದ ಬಂದವರು ತಮ್ಮ ವಿಶ್ವವಿದ್ಯಾಲಯ ಹೇಳುವ ಬ್ರಿಡ್ಜ್ ಕೋರ್ಸನ್ನು ಮುಗಿಸಬೇಕು. ಅಂದರೆ ಆಗ ಬ್ರಿಡ್ಜ್ ಕೋರ್ಸ್ ಕಂಪ್ಯೂಟರ್ ಜ್ಞಾನದ ಕೊರತೆಯನ್ನು ತುಂಬುತ್ತಿತ್ತು. ಗಣಿತದ ಕೊರತೆಯನ್ನು ಅದು ತುಂಬುತ್ತಿರಲಿಲ್ಲ. ಗಣಿತ ಮೊದಲೇ ಅಂಕಪಟ್ಟಿಯಲ್ಲಿ ಅಚ್ಚಾಗಿರಬೇಕಿತ್ತು.

ಈ ವಿದ್ಯಾರ್ಥಿನಿ ಪಿಯುಸಿಯಲ್ಲಿ ಪಿಸಿಎಂಬಿ ಓದಿದ್ದಳು. ಪದವಿಗೆ ಬರುವಾಗ ಗಣಿತವನ್ನು ಬೇಡವೆಂದು ಬಿಟ್ಟಿದ್ದರೂ ಪಿಯುಸಿ ಅಂಕಪಟ್ಟಿ ಆಕೆಯನ್ನು ಕಾಪಾಡಿತು. ಅದೇ ಊರಿನ ಒಬ್ಬ ಹುಡುಗ ಅರ್ಥಶಾಸ್ತ್ರದ ಬಿಎ ಮಾಡಿದ್ದ. ತಾರ್ಕಿಕ ಪ್ರಶ್ನೆಗಳಲ್ಲಿ ಆಕೆಗಿಂತ ಚುರುಕು. ಇಬ್ಬರೂ ಸೇರಿಯೇ ಪಿಜಿಸಿಇಟಿ ಪ್ರವೇಶ ಪರೀಕ್ಷೆಗೆ ತಯಾರಿ ಶುರುಮಾಡಿದ್ದರು. ಅವನದು ಪಿಯುಸಿಯಲ್ಲಿ ಇತಿಹಾಸ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರ, ಸಮಾಜಶಾಸ್ತ್ರ. ಗಣಿತ ಎಲ್ಲಿಯೂ ಇರಲಿಲ್ಲ. ಅರ್ಜಿ ಹಾಕುವ ಮುನ್ನವೇ ಒಬ್ಬ ಉಪನ್ಯಾಸಕರು ಇದನ್ನು ಗಮನಿಸಿ ಹೇಳಿದ್ದರಿಂದ ಅವನ ಒಂದು ವರ್ಷ ಉಳಿಯಿತು. ಯಾವುದೇ ಪದವಿ ಸಾಕಾಗುವ ಗ್ರಂಥಾಲಯ ಮತ್ತು ಮಾಹಿತಿ ವಿಜ್ಞಾನದ ಸ್ನಾತಕೋತ್ತರ ಕೋರ್ಸಿಗೆ ಹೋದ. ಇಂಥವರು ಪರೀಕ್ಷೆ ಬರೆದು, ರ‍್ಯಾಂಕ್ ಪಡೆದು, ದಾಖಲೆ ಪರಿಶೀಲನೆಯ ಮೇಜಿನ ಮುಂದೆ ನಿಂತಾಗ ಅನರ್ಹರೆಂದು ತಿಳಿದುಬಂದರೆ ಒಂದು ಇಡೀ ವರ್ಷ ಹೋಗುತ್ತಿತ್ತು. ಕಲಾ ವಿಭಾಗದ ಮಕ್ಕಳಿಗೆ ಇಂಥ ಅರ್ಹತೆಯ ನಿಯಮಗಳನ್ನು ಪದವಿಯ ಕೊನೆಯ ವರ್ಷದಲ್ಲಲ್ಲ, ಪಿಯುಸಿ ಸೇರುವಾಗಲೇ ಯಾರಾದರೂ ಹೇಳಬೇಕು ಎಂದು ನಾನು ಗಟ್ಟಿಯಾಗಿ ನಂಬುತ್ತೇನೆ.

ಕಳೆದುಹೋದ ಒಂದು ವರ್ಷ

ಎಂಸಿಎ ಮೊದಲು ಮೂರು ವರ್ಷದ ಕೋರ್ಸ್ ಆಗಿತ್ತು. ಬಿಸಿಎ ಓದಿದವರು ನೇರವಾಗಿ ಎರಡನೇ ವರ್ಷಕ್ಕೆ ಸೇರಬಹುದಿತ್ತು. ಮಿಕ್ಕವರು ಮೊದಲ ವರ್ಷದಿಂದ ಓದುತ್ತಿದ್ದರು. ಬಿಎಸ್ಸಿ, ಬಿಕಾಂ ಮಾಡಿಬಂದವರಿಗೆ ಸಿ ಪ್ರೋಗ್ರಾಮಿಂಗ್, ಕಂಪ್ಯೂಟರ್ ರಚನೆ, ವಿವಿಕ್ತ ಗಣಿತ ಎಲ್ಲವನ್ನೂ ಎರಡು ಸೆಮಿಸ್ಟರುಗಳಲ್ಲಿ ನಿಧಾನವಾಗಿ ಕಲಿಯಲು ಅವಕಾಶವಿತ್ತು. ಬ್ರಿಡ್ಜ್ ಎಂಬ ಹೆಸರಿಲ್ಲದಿದ್ದರೂ ಆ ಮೊದಲ ವರ್ಷ ಮಾಡುತ್ತಿದ್ದುದು ಅದೇ ಕೆಲಸ. 2020-21ರಿಂದ ಎಂಸಿಎ ಎರಡು ವರ್ಷಕ್ಕೆ ಇಳಿಯಿತು. ಬಿಸಿಎ ಓದಿದವರಿಗೆ ಇದರಿಂದ ಏನೂ ಬದಲಾಗಲಿಲ್ಲ, ಅವರು ಮೊದಲೂ ಎರಡೇ ವರ್ಷ ಓದುತ್ತಿದ್ದರು. ಬದಲಾದದ್ದು ಹೊರಗಿನಿಂದ ಬರುವವರಿಗೆ. ಅವರ ಒಂದು ವರ್ಷವನ್ನು ತೆಗೆದು, ಆ ಜಾಗದಲ್ಲಿ ಬ್ರಿಡ್ಜ್ ಕೋರ್ಸ್ ಇಡಲಾಯಿತು.

ಈ ಹಿನ್ನೆಲೆ ಗೊತ್ತಿದ್ದರೆ ಬ್ರಿಡ್ಜ್ ಕೋರ್ಸಿನಿಂದ ಏನನ್ನು ನಿರೀಕ್ಷಿಸಬಹುದು, ಏನನ್ನು ನಿರೀಕ್ಷಿಸಬಾರದು ಎಂಬುದು ಸ್ಪಷ್ಟವಾಗುತ್ತದೆ. ನಮ್ಮ ಕಾಲೇಜಿನಲ್ಲಿ ಅದು ವಾರಕ್ಕೆ ನಾಲ್ಕು ಗಂಟೆ, ದಿನದ ಕೊನೆಯ ಅವಧಿಯಲ್ಲಿ, ಮೊದಲ ಸೆಮಿಸ್ಟರಿನ ಜೊತೆಜೊತೆಗೇ ನಡೆಯುತ್ತಿತ್ತು. ಅಂಕಗಳು ಸರಾಸರಿಗೆ ಸೇರುವುದಿಲ್ಲ. ಆದರೆ ಪಾಸಾಗದೆ ಪದವಿ ಸಿಗುವುದಿಲ್ಲ. ಸರಾಸರಿಗೆ ಸೇರದ ವಿಷಯಕ್ಕೆ ವಿದ್ಯಾರ್ಥಿಗಳು ಎಷ್ಟು ಗಮನ ಕೊಡುತ್ತಾರೆ, ಆಡಳಿತ ಮಂಡಳಿ ಎಂಥ ಸಮಯ ಕೊಡುತ್ತದೆ ಎಂಬುದನ್ನು ಬಿಡಿಸಿ ಹೇಳಬೇಕಿಲ್ಲ. ಸಂಜೆಯ ರೈಲು ಹಿಡಿದು ಪಾಂಡವಪುರ, ಮಂಡ್ಯ, ಮದ್ದೂರಿನ ಕಡೆ ಹೋಗುವವರು ಕೊನೆಯ ಅರ್ಧ ಗಂಟೆ ಬಿಟ್ಟು ಎದ್ದುಬಿಡುತ್ತಿದ್ದರು. ಬ್ರಿಡ್ಜ್ ಕೋರ್ಸ್ ಅತಿ ಹೆಚ್ಚು ಬೇಕಾಗಿದ್ದವರು ಹೆಚ್ಚಾಗಿ ಆ ರೈಲಿನವರೇ.

ಇನ್ನೊಂದು ತೊಡಕು ಸೀಟು ಹಂಚಿಕೆಯದು. ಹಂಚಿಕೆ ಒಂದಕ್ಕಿಂತ ಹೆಚ್ಚು ಸುತ್ತುಗಳಲ್ಲಿ ನಡೆಯುತ್ತದೆ. ಈಕೆಗೆ ಸೀಟು ಸಿಕ್ಕಿದ್ದು ಎರಡನೇ ಸುತ್ತಿನಲ್ಲಿ. ಸೇರುವ ಹೊತ್ತಿಗೆ ತರಗತಿಗಳು ಶುರುವಾಗಿ ಮೂರು ವಾರ ಆಗಿತ್ತು. ಬ್ರಿಡ್ಜ್ ಕೋರ್ಸಿನಲ್ಲಿ ಆಗ ಸಂಖ್ಯಾ ಪದ್ಧತಿ, ಚರಗಳು, ಲೂಪ್‌ಗಳು ಮುಗಿದಿದ್ದವು. ಮುಖ್ಯ ತರಗತಿಯಲ್ಲಿ ನಾನು ಸ್ಟ್ಯಾಕ್ ಮುಗಿಸಿ, ಪ್ರತಿ ಅಂಶವೂ ಮುಂದಿನ ಅಂಶದ ವಿಳಾಸವನ್ನು ಇಟ್ಟುಕೊಂಡಿರುವ ಪಟ್ಟಿಯಾದ ಲಿಂಕ್ಡ್ ಲಿಸ್ಟ್ ಹತ್ತಿರ ಬಂದಿದ್ದೆ. ಬ್ರಿಡ್ಜ್‌ನಲ್ಲಿ ಪಾಯಿಂಟರ್ ಪಾಠ ಬರಲು ಇನ್ನೂ ಐದು ವಾರ ಇತ್ತು. ನನ್ನ ಪಾಠ ಪಾಯಿಂಟರ್ ಗೊತ್ತಿದೆ ಎಂದು ಊಹಿಸಿಕೊಂಡೇ ಮುಂದೆ ಸಾಗುತ್ತದೆ, ಏಕೆಂದರೆ ಪಠ್ಯಕ್ರಮ ಹಾಗೆಯೇ ಇದೆ.

38 ಮತ್ತು 11

ಬ್ರಿಡ್ಜ್ ಪರೀಕ್ಷೆಯ ಉತ್ತರ ಪತ್ರಿಕೆಯನ್ನು ತರಿಸಿ ನೋಡಿದೆ. ಎರಡು ಸಂಖ್ಯೆಗಳನ್ನು ಅದಲುಬದಲು ಮಾಡುವ ಪ್ರೋಗ್ರಾಂ ಅಚ್ಚುಕಟ್ಟಾಗಿತ್ತು. ಪಾಯಿಂಟರನ್ನು ಸೂಚಿಸುವ ನಕ್ಷತ್ರ ಚಿಹ್ನೆ ಎಲ್ಲಿರಬೇಕೋ ಅಲ್ಲಿತ್ತು. ಪಾಯಿಂಟರ್ ಎಂದರೆ ಇನ್ನೊಂದು ಚರದ ವಿಳಾಸವನ್ನು ಇಟ್ಟುಕೊಳ್ಳುವ ಚರ ಎಂಬ ವ್ಯಾಖ್ಯೆಯೂ ಇತ್ತು. ಜೀವಶಾಸ್ತ್ರದ ವಿದ್ಯಾರ್ಥಿಗಳಿಗೆ ನೆನಪಿನ ಶಕ್ತಿ ಚೆನ್ನಾಗಿ ಪಳಗಿರುತ್ತದೆ. ಚಿತ್ರ, ಭಾಗಗಳ ಹೆಸರು, ವ್ಯಾಖ್ಯೆ, ವ್ಯತ್ಯಾಸ ಬರೆಯುವ ಅಭ್ಯಾಸ ಮೂರು ವರ್ಷದ್ದು. ಬ್ರಿಡ್ಜ್ ಪರೀಕ್ಷೆಯ ಪ್ರಶ್ನೆಗಳು ಆ ಅಭ್ಯಾಸಕ್ಕೇ ಹೊಂದುವಂತಿದ್ದವು. ಹಾಗಾಗಿ 38.

ಅರ್ಥವಾಗಿದೆಯೋ ನೆನಪಾಗಿದೆಯೋ ಎಂದು ತಿಳಿಯಲು ಒಂದು ಸರಳ ಪರೀಕ್ಷೆ ಇದೆ. ಗೊತ್ತಿರುವ ಪ್ರೋಗ್ರಾಮನ್ನು ಒಂದೇ ಕಡೆ ಕೆಡಿಸಿ, ಓಡಿಸುವ ಮುನ್ನ ಏನು ಬರುತ್ತದೆ ಎಂದು ಕೇಳಬೇಕು. ನಾನು ಆಕೆಗೆ ಅದಲುಬದಲಿನ ಪ್ರೋಗ್ರಾಮಿನಿಂದ ನಕ್ಷತ್ರಗಳನ್ನೆಲ್ಲ ತೆಗೆದು ಹೀಗೆ ಕೊಟ್ಟೆ.

```c
void swap(int a, int b)
{
    int t = a;
    a = b;
    b = t;
}
```

ಮುಖ್ಯ ಫಂಕ್ಷನ್ನಿನಲ್ಲಿ `x` 10, `y` 20. `swap(x, y)` ಕರೆದ ಮೇಲೆ ಅವುಗಳ ಬೆಲೆ ಎಷ್ಟು ಎಂದು ಕೇಳಿದೆ. ಆಕೆ ತಡಮಾಡದೆ 20, 10 ಎಂದಳು. ಓಡಿಸಿ ನೋಡಿದಾಗ 10, 20 ಹಾಗೆಯೇ ಉಳಿದಿದ್ದವು. ನಕ್ಷತ್ರ ಇದ್ದರೂ ಇಲ್ಲದಿದ್ದರೂ ಆಕೆಯ ಮಟ್ಟಿಗೆ ಆ ಪ್ರೋಗ್ರಾಂ ಒಂದೇ ಆಗಿತ್ತು. ನಕ್ಷತ್ರ ಬರವಣಿಗೆಯ ಭಾಗವಾಗಿತ್ತೇ ಹೊರತು ಅದಕ್ಕೊಂದು ಕೆಲಸವಿದೆ ಎಂಬುದು ಕಂಡಿರಲಿಲ್ಲ.

ಈಗ ಆಂತರಿಕ ಪರೀಕ್ಷೆಯಲ್ಲಿ ಆಕೆ ಬರೆದದ್ದನ್ನು ನೋಡೋಣ. ಲಿಂಕ್ಡ್ ಲಿಸ್ಟಿನ ಮುಂಭಾಗಕ್ಕೆ ಹೊಸ ಅಂಶ ಸೇರಿಸುವ ಫಂಕ್ಷನ್ ಬರೆಯಿರಿ ಎಂಬುದು ಪ್ರಶ್ನೆ.

```c
void add(struct node *head, int x)
{
    struct node *p = malloc(sizeof(struct node));
    p->data = x;
    p->next = head;
    head = p;
}
```

ಇದನ್ನು ಓದಿದರೆ ತರ್ಕ ಸರಿಯಾಗಿದೆ ಅನ್ನಿಸುತ್ತದೆ. ಹೊಸ ಅಂಶಕ್ಕೆ ಜಾಗ ಪಡೆದು, ಬೆಲೆ ತುಂಬಿ, ಅದನ್ನು ಹಳೆಯ ಪಟ್ಟಿಯ ಮುಂದೆ ಕೂಡಿಸಿ, ತಲೆಯನ್ನು ಹೊಸದಕ್ಕೆ ತಿರುಗಿಸಿದೆ. ಪ್ರಯೋಗಾಲಯದಲ್ಲಿ ಇದನ್ನೇ ಟೈಪ್ ಮಾಡಿಸಿದೆ. ಕಂಪೈಲರ್ ತಪ್ಪು ತೋರಿಸಲಿಲ್ಲ, ಎಚ್ಚರಿಕೆಯನ್ನೂ ಕೊಡಲಿಲ್ಲ.

“ಸರ್, ಪ್ರೋಗ್ರಾಂ ಓಡುತ್ತದೆ, ಆದರೆ ಪಟ್ಟಿಯಲ್ಲಿ ಏನೂ ಕಾಣುವುದಿಲ್ಲ,” ಎಂದಳು.

“ಒಟ್ಟು ಎಷ್ಟು `head` ಇವೆ, ಹಾಳೆಯ ಮೇಲೆ ಬರೆದು ತೋರಿಸಮ್ಮ,” ಎಂದೆ.

“ಒಂದೇ ಅಲ್ಲವೇ ಸರ್?”

ತೊಡಕು ಇದ್ದದ್ದು ಅಲ್ಲಿಯೇ. ಎರಡು `head` ಇವೆ. ಹಾಳೆಯ ಮೇಲೆ ನಾವು ಚೌಕಗಳನ್ನು ಬರೆದೆವು. ಮುಖ್ಯ ಫಂಕ್ಷನ್ನಿನ `head` ಎಂಬ ಚೌಕ ವಿಳಾಸ 100ರಲ್ಲಿದೆ ಎಂದುಕೊಳ್ಳೋಣ, ಅದರೊಳಗೆ `NULL`. `add` ಅನ್ನು ಕರೆದ ಕೂಡಲೇ ಇನ್ನೊಂದು ಚೌಕ ಹುಟ್ಟುತ್ತದೆ, ಅದರ ಹೆಸರೂ `head`, ಅದರ ವಿಳಾಸ 200. ಮೊದಲ ಚೌಕದಲ್ಲಿದ್ದ `NULL` ಅದಕ್ಕೆ ನಕಲಾಗುತ್ತದೆ. `malloc` ಕೊಟ್ಟ ಹೊಸ ಜಾಗದ ವಿಳಾಸ 500. ಅದರಲ್ಲಿ 10 ಎಂಬ ಬೆಲೆ ಕುಳಿತುಕೊಳ್ಳುತ್ತದೆ. `head = p` ಎಂಬ ಕೊನೆಯ ಸಾಲು 500 ಎಂಬುದನ್ನು 200ನೇ ಚೌಕಕ್ಕೆ ಬರೆಯುತ್ತದೆ. 100ನೇ ಚೌಕವನ್ನು ಯಾರೂ ಮುಟ್ಟಿಲ್ಲ. ಫಂಕ್ಷನ್ ಮುಗಿದಾಗ 200 ಅಳಿದುಹೋಗುತ್ತದೆ. 500ರಲ್ಲಿ ಅಂಶವೇನೋ ಇದೆ, ಆದರೆ ಅದರ ವಿಳಾಸ ಈಗ ಯಾರ ಬಳಿಯೂ ಇಲ್ಲ. ಮುಖ್ಯ ಫಂಕ್ಷನ್ 100ನ್ನು ನೋಡುತ್ತದೆ, `NULL` ಕಾಣುತ್ತದೆ, ಪಟ್ಟಿ ಖಾಲಿ ಎಂದು ಸುಮ್ಮನಾಗುತ್ತದೆ.

ಅದಲುಬದಲಿನ ಪ್ರೋಗ್ರಾಮಿನಲ್ಲಿ ನಡೆದದ್ದೂ ಇದೇ. ಅಲ್ಲಿ `a`, `b` ಎಂಬ ನಕಲುಗಳು ಅದಲುಬದಲಾದವು, `x`, `y` ಹಾಗೆಯೇ ಇದ್ದವು. ಸಿ ಭಾಷೆ ಫಂಕ್ಷನ್ನಿಗೆ ಯಾವಾಗಲೂ ಬೆಲೆಯ ನಕಲನ್ನೇ ಕಳಿಸುತ್ತದೆ. ಆ ಬೆಲೆ ವಿಳಾಸವೇ ಆಗಿದ್ದರೂ ನಕಲು ನಕಲೇ. `head` ಪಾಯಿಂಟರ್ ಆಗಿರುವುದರಿಂದ ಬದಲಾವಣೆ ತಾನಾಗಿ ಹೊರಗೂ ಕಾಣುತ್ತದೆ ಎಂದು ಆಕೆ ನಂಬಿದ್ದಳು. ಬಿಸಿಎ ಮಾಡಿಬಂದ ಹಲವರೂ ಹಾಗೆಯೇ ನಂಬಿರುತ್ತಾರೆ, ಆದರೆ ಅವರು ಮೂರು ವರ್ಷದಲ್ಲಿ ಈ ತಪ್ಪನ್ನು ಯಾವಾಗಲೋ ಒಮ್ಮೆ ಮಾಡಿ, ಸರಿಪಡಿಸುವ ಸಾಲನ್ನು ಕೈಗೆ ರೂಢಿಸಿಕೊಂಡಿರುತ್ತಾರೆ. ಬ್ರಿಡ್ಜ್‌ನವರಿಗೆ ತಪ್ಪು ಮಾಡಲು ಸಮಯವೇ ಸಿಕ್ಕಿರುವುದಿಲ್ಲ.

ಸರಿಪಡಿಸುವುದು ಕಷ್ಟವಲ್ಲ. ಫಂಕ್ಷನ್ ಹೊಸ ವಿಳಾಸವನ್ನು ಹಿಂದಿರುಗಿಸುವಂತೆ ಬರೆದು, ಕರೆದ ಕಡೆ `head = add(head, 10);` ಎಂದು ಬರೆದರೆ ಆಯಿತು. 500 ಈಗ 100ನೇ ಚೌಕಕ್ಕೆ ಬಂದು ಸೇರುತ್ತದೆ. ಈ ಸಾಲನ್ನು ಬಾಯಿಪಾಠ ಮಾಡಿಸಿ ಕಳಿಸಿದ್ದರೆ ಮುಂದಿನ ಪರೀಕ್ಷೆಯಲ್ಲಿ ನಾಲ್ಕು ಅಂಕ ಹೆಚ್ಚು ಬರುತ್ತಿತ್ತು. ಆದರೆ ಟ್ರೀ ಪಾಠ ಬಂದಾಗ ಮತ್ತೆ ಅದೇ ಗೋಡೆ.

ಹಾಳೆಯ ಮೇಲಿನ ಮೂರು ವಾರ

ಆದ್ದರಿಂದ ಮೂರು ವಾರ ಆಕೆಗೂ, ಅವಳಂತೆಯೇ ಬಂದಿದ್ದ ಇನ್ನಿಬ್ಬರಿಗೂ ಹೊಸ ವಿಷಯ ಏನನ್ನೂ ಕೊಡಲಿಲ್ಲ. ನಿಯಮ ಒಂದೇ: ಚೌಕಗಳನ್ನು ಬರೆಯದೆ ಕೀಬೋರ್ಡ್ ಮುಟ್ಟುವಂತಿಲ್ಲ. ಹತ್ತರಿಂದ ಹದಿನೈದು ಸಾಲಿನ ಪ್ರೋಗ್ರಾಂ ಕೊಡುತ್ತಿದ್ದೆ. ಪ್ರತಿ ಫಂಕ್ಷನ್ನಿಗೂ ಹಾಳೆಯ ಮೇಲೆ ಪ್ರತ್ಯೇಕ ಜಾಗ, ಪ್ರತಿ ಚರಕ್ಕೂ ಒಂದು ಚೌಕ, ಪ್ರತಿ ಚೌಕಕ್ಕೂ ವಿಳಾಸ. ಒಂದು ಸಾಲು ಓದುವುದು, ಯಾವ ಚೌಕದ ಬೆಲೆ ಬದಲಾಯಿತೋ ಅದನ್ನು ಹೊಡೆದು ಹೊಸದು ಬರೆಯುವುದು. ಕೊನೆಯಲ್ಲಿ ಏನು ಮುದ್ರಿತವಾಗುತ್ತದೆ ಎಂದು ಬರೆದು, ಆಮೇಲೆ ಓಡಿಸಿ ನೋಡುವುದು. ಊಹೆ ತಪ್ಪಿದರೆ ಪ್ರೋಗ್ರಾಂ ತಿದ್ದುವಂತಿಲ್ಲ. ಚೌಕಗಳಲ್ಲಿ ಎಲ್ಲಿ ತಪ್ಪಾಯಿತು ಎಂದು ಹುಡುಕಬೇಕು.

ಮೊದಲ ವಾರ ಪ್ರಗತಿ ಕಾಣಲಿಲ್ಲ. ಒಂದು ಪ್ರೋಗ್ರಾಮಿಗೆ ಮುಕ್ಕಾಲು ಗಂಟೆ ಹಿಡಿಯುತ್ತಿತ್ತು, ಅತ್ತ ಮುಖ್ಯ ತರಗತಿ ಓಡುತ್ತಲೇ ಇತ್ತು. ಎರಡನೇ ವಾರದ ಕೊನೆಯಲ್ಲಿ ಬದಲಾವಣೆ ಬಂದದ್ದು ರಿಕರ್ಷನ್ನಿನಲ್ಲಿ. ಒಂದು ಫಂಕ್ಷನ್ ತನ್ನನ್ನೇ ಕರೆದುಕೊಂಡಾಗ ಪ್ರತಿ ಕರೆಗೂ ಹೊಸ ಚೌಕಗಳು ಹುಟ್ಟುತ್ತವೆ, ಹೆಸರು ಒಂದೇ ಆದರೂ ಜಾಗ ಬೇರೆ. ಬಿಸಿಎ ಮಾಡಿಬಂದವರೂ ತಡಕಾಡುವ ಈ ಜಾಗದಲ್ಲಿ ಆಕೆ ನಿರಾಳವಾಗಿ ನಡೆದಳು, ಏಕೆಂದರೆ ಎರಡು `head` ಇರಬಹುದಾದರೆ ಐದು `n` ಇರುವುದರಲ್ಲಿ ಆಶ್ಚರ್ಯವಿರಲಿಲ್ಲ. ಸೆಮಿಸ್ಟರಿನ ಎರಡನೇ ಆಂತರಿಕ ಪರೀಕ್ಷೆಯಲ್ಲಿ ಅಂಕ 29ಕ್ಕೆ ಏರಿತು. ಅಂತಿಮ ಪರೀಕ್ಷೆಯನ್ನು ಮೊದಲ ಪ್ರಯತ್ನದಲ್ಲೇ ಪಾಸು ಮಾಡಿದಳು.

ಬ್ರಿಡ್ಜ್ ಕೋರ್ಸಿನ ಇತರ ಭಾಗಗಳ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ವಿವಿಕ್ತ ಗಣಿತದಲ್ಲಿ ಪಿಯುಸಿ ಗಣಿತ ನೆನಪಿಗೆ ಬರಲು ಎರಡು ವಾರ ಹಿಡಿಯಿತು, ಗಣ, ಸಂಬಂಧ, ಕ್ರಮಯೋಜನೆ ಎಲ್ಲ ಹಳೆಯ ಪರಿಚಯವೇ. ಕಂಪ್ಯೂಟರ್ ರಚನೆಯನ್ನು ಓದಿಯೇ ಕಲಿಯಬಹುದು. ಇಂಗ್ಲಿಷ್ ತೊಂದರೆಯಾಗುತ್ತದೆ ಎಂದು ಮನೆಯವರು ಹೆದರಿದ್ದರು. ಬಿಎಸ್ಸಿಯನ್ನು ಇಂಗ್ಲಿಷಿನಲ್ಲೇ ಓದಿದ್ದರಿಂದ ಅದು ತೊಂದರೆಯಾಗಲಿಲ್ಲ.

ದೂರಶಿಕ್ಷಣದ ಇಗ್ನೋ ತನ್ನ ಎರಡು ವರ್ಷದ ಎಂಸಿಎಯಲ್ಲಿ ಹೊರಗಿನಿಂದ ಬಂದವರಿಗೆ ಎರಡು ಬ್ರಿಡ್ಜ್ ವಿಷಯಗಳನ್ನು ಇಟ್ಟಿದೆ: ಸಿ ಮತ್ತು ಪೈಥಾನ್ ಪ್ರೋಗ್ರಾಮಿಂಗ್ ಒಂದು, ಡೇಟಾ ಸ್ಟ್ರಕ್ಚರ್ಸ್ ಮತ್ತು ಅಲ್ಗಾರಿದಂ ಇನ್ನೊಂದು. ನನಗೆ ಆ ಆಯ್ಕೆ ಸರಿ ಎನ್ನಿಸುತ್ತದೆ. ಸೇತುವೆ ಸಿ ಭಾಷೆಯಲ್ಲಿ ನಿಂತುಬಿಟ್ಟರೆ ಅದು ನದಿಯ ನಡುವೆ ನಿಂತಂತೆ. ಲಿಂಕ್ಡ್ ಲಿಸ್ಟಿನವರೆಗೆ ಅದು ಚಾಚಿಕೊಳ್ಳಬೇಕು.

ಹಳೆಯ ವಿಷಯ ಕೆಲಸಕ್ಕೆ ಬಂದ ಜಾಗ

ಎರಡನೇ ಸೆಮಿಸ್ಟರಿನ ಡೇಟಾಬೇಸ್ ವಿಷಯದಲ್ಲಿ ಪಾತ್ರಗಳು ಅದಲುಬದಲಾದವು. ಒಂದೇ ಮಾಹಿತಿ ಹಲವು ಕಡೆ ಉಳಿಯದಂತೆ ಕೋಷ್ಟಕಗಳನ್ನು ಬಿಡಿಸಿಡುವ ನಾರ್ಮಲೈಸೇಷನ್ ಎಂಬ ಪಾಠವನ್ನು ಬಿಸಿಎ ಓದಿದವರು ಪದವಿಯಲ್ಲೇ ಕಲಿತಿರುತ್ತಾರೆ, ಆದರೆ ಬಹುಪಾಲು ಜನರಿಗೆ ಅದು ಒಂದನೇ ರೂಪ, ಎರಡನೇ ರೂಪ, ಮೂರನೇ ರೂಪ ಎಂಬ ಮಂತ್ರವಾಗಿ ಉಳಿದಿರುತ್ತದೆ. ಆ ವಿಷಯ ಕಲಿಸುತ್ತಿದ್ದ ಸಹೋದ್ಯೋಗಿ ನಿಮಗೆ ಗೊತ್ತಿರುವ ಯಾವುದಾದರೂ ದಾಖಲೆಯ ಕೋಷ್ಟಕ ತನ್ನಿ ಎಂದರು. ಎಲ್ಲರೂ ವಿದ್ಯಾರ್ಥಿ-ಅಂಕ, ಗ್ರಾಹಕ-ಬಿಲ್ ತಂದರು. ಈಕೆ ತಂದದ್ದು ತನ್ನ ಪದವಿ ಕಾಲದ ಹರ್ಬೇರಿಯಂ ದಾಖಲೆ: ಒಣಗಿಸಿ ಹಾಳೆಗೆ ಅಂಟಿಸಿದ ಸಸ್ಯಗಳ ಪಟ್ಟಿ. ಅದರಲ್ಲಿ ಮಾದರಿಯ ಸಂಖ್ಯೆ, ಜೀನಸ್, ಪ್ರಭೇದ, ಕುಟುಂಬ, ಸಂಗ್ರಹಿಸಿದ ಸ್ಥಳ, ದಿನಾಂಕ.

ಮಾದರಿಯ ಸಂಖ್ಯೆ ಗೊತ್ತಾದರೆ ಜೀನಸ್ ಗೊತ್ತಾಗುತ್ತದೆ. ಜೀನಸ್ ಗೊತ್ತಾದರೆ ಕುಟುಂಬ ಗೊತ್ತಾಗುತ್ತದೆ. ಆಲವೂ ಅತ್ತಿಯೂ ಫೈಕಸ್, ಆದ್ದರಿಂದ ಎರಡೂ ಮೊರೇಸಿ. ಕುಟುಂಬ ಎಂಬ ಕಾಲಂ ಮಾದರಿಯ ಸಂಖ್ಯೆಯನ್ನು ನೇರವಾಗಿ ಅವಲಂಬಿಸಿಲ್ಲ, ಜೀನಸ್ಸಿನ ಮೂಲಕ ಅವಲಂಬಿಸಿದೆ. ಇದೇ ಮೂರನೇ ರೂಪಕ್ಕೆ ವಿರುದ್ಧವಾದ ಸ್ಥಿತಿ. ಅದರಿಂದ ಆಗುವ ತೊಂದರೆ ಏನು ಎಂದು ಸಹೋದ್ಯೋಗಿ ಕೇಳಿದಾಗ ಆಕೆ ತೇಗದ ಉದಾಹರಣೆ ಕೊಟ್ಟಳು. ತೇಗವನ್ನು ಮೊದಲು ವರ್ಬೆನೇಸಿ ಕುಟುಂಬದಲ್ಲಿ ಇಟ್ಟಿದ್ದರು, ಈಗಿನ ವರ್ಗೀಕರಣದಲ್ಲಿ ಅದು ಲೇಮಿಯೇಸಿ. ಒಂದೇ ಕೋಷ್ಟಕವಿದ್ದರೆ ತೇಗದ ಪ್ರತಿ ಮಾದರಿಯ ಸಾಲನ್ನೂ ತಿದ್ದಬೇಕು. ಒಂದು ಸಾಲು ಬಿಟ್ಟುಹೋದರೂ ಅದೇ ಮರ ಎರಡು ಕುಟುಂಬಗಳಲ್ಲಿ ಕಾಣುತ್ತದೆ. ಜೀನಸ್ ಮತ್ತು ಕುಟುಂಬಕ್ಕೆ ಬೇರೆ ಕೋಷ್ಟಕ ಮಾಡಿದ್ದರೆ ತಿದ್ದಬೇಕಾದದ್ದು ಒಂದೇ ಸಾಲು.

ಆಮೇಲೆ ಯಾರೋ ಪ್ರಭೇದದ ಹೆಸರನ್ನೇ ಕೀ, ಅಂದರೆ ಪ್ರತಿ ಸಾಲನ್ನೂ ಗುರುತಿಸುವ ಕಾಲಂ, ಮಾಡಬಹುದಲ್ಲ ಎಂದರು. ಆಕೆ ಒಪ್ಪಲಿಲ್ಲ. ಬೇವು ಅಜಾಡಿರಾಕ್ಟಾ ಇಂಡಿಕಾ, ಮಾವು ಮ್ಯಾಂಜಿಫೆರಾ ಇಂಡಿಕಾ, ಹುಣಸೆ ಟ್ಯಾಮರಿಂಡಸ್ ಇಂಡಿಕಾ. ಇಂಡಿಕಾ ಎಂಬುದರಿಂದ ಯಾವ ಮರವೆಂದು ತಿಳಿಯುವುದಿಲ್ಲ. ಜೀನಸ್ ಮತ್ತು ಪ್ರಭೇದನಾಮ ಎರಡೂ ಸೇರಿಯೇ ಕೀ ಆಗಬೇಕು. ಹಾಗೆ ಎರಡು ಕಾಲಂಗಳ ಕೀ ಮಾಡಿ ಪ್ರಭೇದಗಳ ಕೋಷ್ಟಕ ಬರೆದರೆ, ಅದರಲ್ಲಿ ಕುಟುಂಬವನ್ನು ಇಟ್ಟಾಗ ಅದು ಕೀಯ ಅರ್ಧ ಭಾಗವನ್ನು, ಅಂದರೆ ಜೀನಸ್ಸನ್ನು ಮಾತ್ರ ಅವಲಂಬಿಸುತ್ತದೆ. ಇದು ಎರಡನೇ ರೂಪದ ಉಲ್ಲಂಘನೆ. ಒಂದೇ ದಾಖಲೆಯಲ್ಲಿ ಎರಡೂ ರೂಪಗಳ ಅರ್ಥ ಹೀಗೆ ಬಿಚ್ಚಿಕೊಂಡಿತು. ಆ ಉದಾಹರಣೆಯನ್ನು ಸಹೋದ್ಯೋಗಿ ಈಗಲೂ ತರಗತಿಯಲ್ಲಿ ಬಳಸುತ್ತಾರೆ.

ಹೊರಗಿನಿಂದ ಬಂದವರಿಗೆ ತಮ್ಮ ಹಳೆಯ ವಿಷಯ ದಂಡವಾಯಿತು ಎಂಬ ಕೊರಗು ಇರುತ್ತದೆ. ಎಲ್ಲ ಕಡೆಯೂ ಅದು ಕೆಲಸಕ್ಕೆ ಬರುತ್ತದೆ ಎಂದು ನಾನು ಹೇಳಲಾರೆ. ಪಾಯಿಂಟರ್ ಕಲಿಯಲು ಸಸ್ಯಶಾಸ್ತ್ರ ಏನೂ ಸಹಾಯ ಮಾಡಲಿಲ್ಲ. ದತ್ತಾಂಶಕ್ಕೆ ಅರ್ಥ ಇರುವ ಕಡೆ, ಯಾವುದು ಯಾವುದನ್ನು ನಿರ್ಧರಿಸುತ್ತದೆ ಎಂದು ಕೇಳುವ ಕಡೆ ಮಾತ್ರ ಅದು ಕೈಹಿಡಿಯಿತು. ನಾಲ್ಕನೇ ಸೆಮಿಸ್ಟರಿನ ಪ್ರಾಜೆಕ್ಟಿಗೂ ಆಕೆ ಹರ್ಬೇರಿಯಂ ದಾಖಲೆಗಳ ಡೇಟಾಬೇಸನ್ನೇ ಆರಿಸಿಕೊಂಡಳು, ಮತ್ತು ಸಂದರ್ಶನಗಳಲ್ಲಿ ಆಕೆ ಆತ್ಮವಿಶ್ವಾಸದಿಂದ ಮಾತಾಡಿದ್ದು ಅದರ ಬಗ್ಗೆಯೇ.

ಬ್ರಿಡ್ಜ್ ಮುಟ್ಟಲಾರದ ಸಂಗತಿಗಳು

ಕ್ಯಾಂಪಸ್ ಆಯ್ಕೆಯಲ್ಲಿ ಹಲವು ಕಂಪನಿಗಳು ಎಸ್ಸೆಸ್ಸೆಲ್ಸಿ, ಪಿಯುಸಿ, ಪದವಿ, ಎಂಸಿಎ ಎಲ್ಲದರಲ್ಲೂ ಶೇಕಡಾ 60 ಕೇಳುತ್ತವೆ. ಆಕೆಗೆ ಪಿಯುಸಿಯಲ್ಲಿ ಇದ್ದದ್ದು 57. ಎಂಸಿಎಯಲ್ಲಿ ಎಷ್ಟೇ ಪಡೆದರೂ ಆ ಕಂಪನಿಗಳ ಪರೀಕ್ಷೆಗೆ ಕೂರಲು ಅವಕಾಶ ಇರಲಿಲ್ಲ. ಬೇರೆ ಕ್ಷೇತ್ರಕ್ಕೆ ದಾಟುವವರು ಅರ್ಹತೆಯ 50ನ್ನು ನೋಡಿ ಸಮಾಧಾನಪಟ್ಟುಕೊಳ್ಳುತ್ತಾರೆ, ಎರಡು ವರ್ಷದ ಆಚೆಗಿನ ಈ 60 ಅವರಿಗೆ ಕಾಣುವುದಿಲ್ಲ. ಸೇರುವ ಮುನ್ನವೇ ಇದನ್ನು ತಿಳಿದಿದ್ದರೆ ದೊಡ್ಡ ಕಂಪನಿಗಳ ಆಸೆಯಲ್ಲಿ ಕೊನೆಯ ಸೆಮಿಸ್ಟರ್ ಕಳೆಯುವ ಬದಲು ಸಣ್ಣ ಸಂಸ್ಥೆಗಳನ್ನು ಮೊದಲಿನಿಂದಲೇ ಹುಡುಕಬಹುದು. ಈಕೆ ಮೂರನೇ ಸೆಮಿಸ್ಟರಿನಲ್ಲೇ ಅದನ್ನು ಶುರುಮಾಡಿದಳು. ಈಗ ಮೈಸೂರಿನ ಒಂದು ಚಿಕ್ಕ ಸಾಫ್ಟ್‌ವೇರ್ ಸಂಸ್ಥೆಯಲ್ಲಿ ಡೇಟಾಬೇಸ್ ವಿಭಾಗದಲ್ಲಿದ್ದಾಳೆ. ಸಂಬಳ ತರಗತಿಯ ಬಿಸಿಎ ಗೆಳತಿಯರಿಗೆ ಸಿಕ್ಕಿದ್ದಕ್ಕಿಂತ ಕಡಿಮೆ.

ಇಂಥ ದಾರಿಯಲ್ಲಿ ಹೊರಟವರು ಕೇಳಿದರೆ ನಾನು ಹೇಳುವುದು ಒಂದು ಮಾತು. ಪ್ರವೇಶ ಪರೀಕ್ಷೆ ಮುಗಿದು ತರಗತಿ ಶುರುವಾಗುವವರೆಗೆ ಹಲವು ವಾರಗಳು ಸುಮ್ಮನೆ ಹೋಗುತ್ತವೆ. ಸೀಟು ಸಿಗಲಿ, ಆಮೇಲೆ ನೋಡೋಣ ಎಂದು ಎಲ್ಲರೂ ಕಾಯುತ್ತಾರೆ. ಕಳೆದುಹೋದ ಆ ಮೊದಲ ವರ್ಷದಲ್ಲಿ ಸ್ವಲ್ಪವಾದರೂ ಮರಳಿ ಸಿಗುವುದು ಅಲ್ಲಿ ಮಾತ್ರ. ಖರಗ್‌ಪುರದ ಐಐಟಿಯವರು ಎನ್‌ಪಿಟಿಇಎಲ್ ಎಂಬ ಆನ್‌ಲೈನ್ ಪಾಠಗಳ ತಾಣದಲ್ಲಿ ಕೊಡುವ ಸಿ ಪ್ರೋಗ್ರಾಮಿಂಗ್ ಕೋರ್ಸ್ ಉಚಿತವಾಗಿ ನೋಡಲು ಸಿಗುತ್ತದೆ. ಲ್ಯಾಪ್‌ಟಾಪ್ ಇಲ್ಲದಿದ್ದರೆ ಮೊಬೈಲಿನಲ್ಲೇ ಸಿ ಪ್ರೋಗ್ರಾಂ ಓಡಿಸಬಹುದು, ಈಕೆ ಮೊದಲ ಸೆಮಿಸ್ಟರ್ ಪೂರ್ತಿ ಹಾಗೆಯೇ ಕಳೆದಳು. ಅರೇ, ಫಂಕ್ಷನ್, ಪಾಯಿಂಟರ್, ಸ್ಟ್ರಕ್ಚರ್, ಅಲ್ಲಿಂದ ಲಿಂಕ್ಡ್ ಲಿಸ್ಟಿಗೆ ಅಂಶ ಸೇರಿಸುವುದು, ತೆಗೆಯುವುದು. ಅಷ್ಟು ಸಾಕು. ವೆಬ್‌ಸೈಟ್ ಮಾಡುವುದನ್ನೋ ಡೇಟಾಬೇಸನ್ನೋ ಆಗ ಮುಟ್ಟಬೇಕಿಲ್ಲ, ಅವುಗಳಿಗೆ ಕೋರ್ಸಿನಲ್ಲೇ ಸಮಯವಿದೆ. ಪೈಥಾನ್ ಸುಲಭ ಎಂದು ಕೆಲವರು ಅಲ್ಲಿಂದ ಶುರುಮಾಡಲು ಹೇಳುತ್ತಾರೆ. ಸೇರುವ ಕಾಲೇಜಿನ ಡೇಟಾ ಸ್ಟ್ರಕ್ಚರ್ಸ್ ಪ್ರಯೋಗಾಲಯ ಸಿ ಭಾಷೆಯಲ್ಲಿದ್ದರೆ ಪೈಥಾನ್ ಕಲಿತವರೂ ಮತ್ತೆ ಅದೇ ಎರಡು `head`ಗಳ ಮುಂದೆ ಬಂದು ನಿಲ್ಲುತ್ತಾರೆ, ಏಕೆಂದರೆ ಪೈಥಾನ್ ವಿಳಾಸಗಳನ್ನು ಕಣ್ಣಿಗೆ ತೋರಿಸುವುದೇ ಇಲ್ಲ.

ಈ ಪ್ರಕರಣದ ನಂತರ ನಮ್ಮ ಕಾಲೇಜಿನಲ್ಲಿ ಬ್ರಿಡ್ಜ್ ಕೋರ್ಸಿನ ಕ್ರಮ ಬದಲಾಯಿತು. ಸಂಖ್ಯಾ ಪದ್ಧತಿಯನ್ನು ಕೊನೆಗೆ ತಳ್ಳಿ, ಫಂಕ್ಷನ್ ಮತ್ತು ಪಾಯಿಂಟರ್ ಪಾಠಗಳನ್ನು ಮೊದಲ ಮೂರು ವಾರಕ್ಕೆ ತಂದೆವು. ಪರೀಕ್ಷೆಯಲ್ಲಿ ವ್ಯಾಖ್ಯೆ ಕೇಳುವ ಪ್ರಶ್ನೆಗಳನ್ನು ತೆಗೆದು, ಪ್ರೋಗ್ರಾಂ ಕೊಟ್ಟು ಚೌಕಗಳನ್ನು ಬರೆಯಿರಿ ಎಂದು ಕೇಳುತ್ತಿದ್ದೇವೆ. ತರಗತಿಯ ಅವಧಿಯನ್ನು ಸಂಜೆಯಿಂದ ಬೆಳಿಗ್ಗೆಗೆ ಬದಲಿಸಿದ್ದರಿಂದ ರೈಲಿನವರು ಉಳಿದರು. ಆದರೆ ಕೊನೆಯ ಸುತ್ತುಗಳಲ್ಲಿ ಸೀಟು ಸಿಕ್ಕು ಬರುವವರು ಈಗಲೂ ಆ ಮೂರು ವಾರ ಮುಗಿದ ಮೇಲೆಯೇ ಬರುತ್ತಾರೆ. ಅವರಿಗಾಗಿ ಎರಡನೇ ಬ್ಯಾಚ್ ನಡೆಸಲು ಬೋಧಕರ ಗಂಟೆಗಳನ್ನು ಇನ್ನೂ ಮಂಜೂರು ಮಾಡಿಲ್ಲ.